ಒಂದೇ ಕಂಪನಿಯ ಮೂರು ಬಡ್ತಿ

ಚಳ್ಳಕೆರೆಯ ಜಯದೇವಪ್ಪನವರ ಎಣ್ಣೆ ಮಿಲ್ಲಿನವರು ರಾಂಪುರದಲ್ಲಿ ಪ್ಯಾಕಿಂಗ್ ಘಟಕ ತೆರೆಯಲು ಹೊರಟಿದ್ದರು. ಬಳ್ಳಾರಿ ಕಡೆಯ ಅಂಗಡಿಗಳಿಗೆ ಶೇಂಗಾ ಎಣ್ಣೆ ಅಲ್ಲಿಂದಲೇ ಹೋಗಲಿ ಎಂಬುದು ಲೆಕ್ಕಾಚಾರ. ಘಟಕಕ್ಕೊಬ್ಬ ಮ್ಯಾನೇಜರ್ ಬೇಕೆಂದು ಪತ್ರಿಕೆಗೆ ಜಾಹೀರಾತು ಕೊಡುವಾಗ ಅದರ ಕೊನೆಯ ಸಾಲನ್ನು ಜಯದೇವಪ್ಪನವರೇ ಹೇಳಿ ಬರೆಸಿದರು. ‘ಜವಾಬ್ದಾರಿಯಲ್ಲಿ ಬೆಳೆಯುತ್ತ ಬಂದಿರುವವರಿಗೆ, ಸಂಸ್ಥೆಯೊಂದಿಗೆ ಇನ್ನೂ ಬೆಳೆಯಬಲ್ಲವರಿಗೆ ಆದ್ಯತೆ.’

“ಈ ಸಾಲು ದಪ್ಪ ಅಕ್ಷರದಾಗೆ ಬರ್ಲಿ ಫರ್ಜಾನಾ,” ಎಂದರು. “ಹಿರಿಯೂರು ಡಿಪೋಕ್ಕೆ ತಗಂಡೋನು ಬಂದ ದಿನ ಹೆಂಗಿದ್ನೋ ಬಿಟ್ಟು ಹೋಗೋ ದಿನಾನೂ ಹಂಗೇ ಇದ್ದ. ಕುರ್ಚಿ ಕೊಟ್ಟಿದ್ವಿ, ಅವನೂ ಒಂದು ಕುರ್ಚಿಯಾಗೇ ಉಳ್ದ.”

ಫರ್ಜಾನಾ ನಗಲಿಲ್ಲ. ಆ ಮನುಷ್ಯನನ್ನು ಆರಿಸುವಾಗ ತನ್ನನ್ನು ಯಾರೂ ಕೇಳಿರಲಿಲ್ಲ ಎಂದು ನೆನಪಾಯಿತು, ಅಷ್ಟೇ. ಅವಳು ಲಾರಿ ಮೆಕ್ಯಾನಿಕ್ ಗೌಸ್ ಪೀರ್ ಅವರ ಮಗಳು. ಮಿಲ್ಲಿಗೆ ಟೈಪಿಸ್ಟ್ ಆಗಿ ಸೇರಿದವಳು. ಆಮೇಲೆ ಹಾಜರಿ, ರಜೆ, ಪ್ರಾವಿಡೆಂಟ್ ಫಂಡಿನ ಕಾಗದಗಳು ಒಂದೊಂದಾಗಿ ಅವಳ ಮೇಜಿಗೆ ಬಂದು, ಈಗ ಎರಡು ವರ್ಷದಿಂದ ಬಾಗಿಲ ಮೇಲೆ ‘ಸಿಬ್ಬಂದಿ ಅಧಿಕಾರಿ’ ಎಂಬ ಫಲಕವಿತ್ತು. ರಾಂಪುರದ ಹುದ್ದೆಗೆ ಅರ್ಜಿಗಳನ್ನು ಸೋಸುವ ಕೆಲಸ ಪೂರ್ತಿಯಾಗಿ ಅವಳಿಗೇ ಸಿಕ್ಕಿದ್ದು ಇದೇ ಮೊದಲು.

ಎರಡು ಸಾವಿರದ ಮೂರರ ಬೇಸಿಗೆ. ಫ್ಯಾನಿನ ಗಾಳಿಗೆ ಹಾರದಂತೆ ಅರ್ಜಿಗಳ ಮೇಲೆ ಕಬ್ಬಿಣದ ತುಂಡೊಂದನ್ನು ಇಟ್ಟುಕೊಂಡು ಓದಿದಳು. ಹೆಚ್ಚಿನವರು ‘ನಾನು ಕಷ್ಟಜೀವಿ, ಬೆಳೆಯುವ ಹಂಬಲವುಳ್ಳವನು’ ಎಂದು ಬರೆದಿದ್ದರು. ಹಂಬಲವನ್ನು ಯಾರು ಬೇಕಾದರೂ ಬರೆಯಬಹುದು. ಅವಳು ಹುಡುಕುತ್ತಿದ್ದದ್ದು ಹಿಂದೆ ಆಗಿಹೋದದ್ದನ್ನು.

ಕೊನೆಗೆ ಇಬ್ಬರು ಮೇಲೆ ಬಂದರು. ಒಬ್ಬನ ಹೆಸರು ಅಫ್ಸರ್. ಮೂರು ಕಂಪನಿಗಳಲ್ಲಿ ಕೆಲಸ ಮಾಡಿದವನು, ಪ್ರತಿ ಸಲವೂ ಹಿಂದಿನದಕ್ಕಿಂತ ದೊಡ್ಡ ಹುದ್ದೆ. ಇನ್ನೊಬ್ಬ ಮೊಳಕಾಲ್ಮೂರಿನ ಕೃಷ್ಣಕುಮಾರ್. ನೇಕಾರರ ಮನೆಯವನು. ಹನ್ನೆರಡು ವರ್ಷ ಒಂದೇ ಕಡೆ, ಪೆದ್ದಣ್ಣನವರ ಸೀರೆ ಕಂಪನಿಯಲ್ಲಿ. ನೂಲು ತೂಗುವವನಾಗಿ ಸೇರಿ, ಸ್ಟಾಕ್ ಕೀಪರ್ ಆಗಿ, ಸೂಪರ್‌ವೈಸರ್ ಆಗಿ, ಈಗ ಸಹಾಯಕ ಮ್ಯಾನೇಜರ್. ಮೂರು ಬಡ್ತಿ. ಅವನ ಅರ್ಜಿಯನ್ನು ಅವಳು ಎಲ್ಲಕ್ಕಿಂತ ಮೇಲಿಟ್ಟಳು.

ಜಯದೇವಪ್ಪನವರು ಅದನ್ನು ಎತ್ತಿ ನೋಡಿ ಕೆಳಗಿಟ್ಟರು.

“ಹನ್ನೆರಡು ವರ್ಷ ಒಂದೇ ಕಡೆ! ಬೆಳೆಯೋನು ಒಂದೇ ಕಡೆ ಯಾಕ್ ಇರ್ತಾನಮ್ಮ? ಆ ಅಫ್ಸರ್ ನೋಡು, ಮೂರು ಊರು ನೋಡ್ಯಾನೆ.”

“ಒಂದೇ ಕಂಪನಿನಾಗೆ ಇದ್ರು ಅಂತ ನೋಡ್ಬ್ಯಾಡಿ ಸರ್. ಒಂದೇ ಜಾಗದಾಗೆ ಇದ್ರಾ ಅಂತ ನೋಡಿ.”

“ಏನ್ ವ್ಯತ್ಯಾಸ?”

“ಹೊಸ ಕಂಪನಿಯೋರು ದೊಡ್ಡ ಹುದ್ದೆ ಕೊಟ್ರೆ, ಅರ್ಧ ಗಂಟೆ ಮಾತಾಡ್ಸಿ ನಂಬಿ ಕೊಟ್ಟಿರ್ತಾರೆ. ಇರೋ ಕಂಪನಿಯೋರು ಕೊಟ್ರೆ, ದಿನಾ ಕೆಲಸ ನೋಡಿದೋರು ಕೊಟ್ಟಂಗೆ. ಅವನ ತಪ್ಪುಗಳೂ ಅವರಿಗೆ ಗೊತ್ತಿರ್ತಾವೆ. ಗೊತ್ತಿದ್ದೂ ಇನ್ನೂ ಹೆಚ್ಚು ಹೊಣೆ ಕೊಟ್ರು ಅಂದ್ರೆ, ನಾವು ಕೇಳಿದ ಬೆಳವಣಿಗೆ ಅದೇ ಅಲ್ವಾ ಸರ್? ಅಫ್ಸರ್ ಅವರನ್ನೂ ಕರ್ಸಣ. ಅವರೇನು ಕಡಿಮೆ ಅಂತ ನಾನು ಹೇಳ್ತಿಲ್ಲ.”

ಜಯದೇವಪ್ಪನವರು ಕನ್ನಡಕ ತೆಗೆದು ಅವಳನ್ನೇ ನೋಡಿದರು. “ನೀನೂ ಇಲ್ಲೇ ಟೈಪಿಸ್ಟಿಂದ ಮೇಲೆ ಬಂದೋಳಲ್ವಾ. ಅದಕ್ಕೇ ಅವನು ನಿನ್ನ ಕಣ್ಣಿಗೆ ಚೆನ್ನಾಗಿ ಕಾಣ್ತಾನೇನೋ.”

ಅವರು ತಮಾಷೆಗೆಂದು ಹೇಳಿದ್ದರು. ಫರ್ಜಾನಾ ತನ್ನ ಕೋಣೆಗೆ ಬಂದು ಕೂತ ಮೇಲೂ ಆ ಮಾತು ಮುಳ್ಳಿನಂತೆ ಉಳಿಯಿತು. ನಿಜವೇ ಇರಬಹುದೆ? ಅರ್ಜಿಯಲ್ಲಿ ತನ್ನ ಮುಖ ಕಂಡು ಮೇಲಿಟ್ಟೆನೆ? ಸಂದರ್ಶನದಲ್ಲಿ ಅವನಿಗೆ ಮೆತ್ತಗಿನ ಪ್ರಶ್ನೆ ಕೇಳಬಾರದು ಎಂದು ಅವಳು ನಿರ್ಧರಿಸಿದಳು.

ಅಫ್ಸರ್ ಬೆಳಿಗ್ಗೆಯೇ ಬಂದ. ಚೆನ್ನಾಗಿ ಮಾತಾಡಿದ. ಮೊದಲನೆಯ ಕಂಪನಿ ಮುಚ್ಚಿಹೋಗಿದ್ದರಿಂದ ಬಿಟ್ಟಿದ್ದೆ ಎಂದ, ಅದು ಅವನ ತಪ್ಪಲ್ಲ. ಉಳಿದೆರಡು ಕಡೆ ನೀವು ಶುರು ಮಾಡಿದ್ದು ಏನು, ನೀವು ಬಿಟ್ಟ ಮೇಲೆ ಅದು ಮುಂದುವರೀತಾ ಎಂದು ಅವಳು ಕೇಳಿದಾಗ ಮಾತ್ರ ತುಸು ತಡವರಿಸಿ, “ಅಷ್ಟೊತ್ತಿಗೆ ಬೇರೆ ಕಡೆ ಕರೆ ಬಂತು ಮೇಡಂ,” ಎಂದ. ಜಯದೇವಪ್ಪನವರಿಗೆ ಅವನ ಚುರುಕು ಹಿಡಿಸಿತು.

ಕೃಷ್ಣಕುಮಾರ್ ಮಧ್ಯಾಹ್ನ ಬಂದ. ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ ಬಸ್ಸಿನ ಸೆಖೆಗೆ ಬೆನ್ನಿಗಂಟಿತ್ತು. ಫರ್ಜಾನಾ ಪೀಠಿಕೆಯಿಲ್ಲದೆ ಶುರು ಮಾಡಿದಳು.

“ಸ್ಟಾಕ್ ಕೀಪರ್ ಆದಾಗ, ಅದಕ್ಕೂ ಮುಂಚೆ ಮಾಡ್ದೇ ಇದ್ದ ಯಾವ ಕೆಲಸ ನಿಮ್ಮ ಪಾಲಿಗೆ ಬಂತು?”

“ಅಲ್ಲಿ ತಂಕ ನೂಲು ತೂಗಿ ನೇಕಾರ್ರಿಗೆ ಕೊಡಾದಷ್ಟೇ ಮೇಡಂ. ಸ್ಟಾಕಿಗೆ ಬಂದ್ಮೇಲೆ ಯಾವ ಬಣ್ಣದ ನೂಲು ಎಷ್ಟು ತರಿಸ್ಬೇಕು ಅಂತ ನಾನೇ ಹೇಳ್ಬೇಕಿತ್ತು. ತಪ್ಪಾದ್ರೆ ನನ್ನ ತಲೆ ಮೇಲೆ.”

“ಸೂಪರ್‌ವೈಸರ್ ಆದಾಗ?”

“ಯಾವ ಮನೆಗೆ ಯಾವ ಡಿಸೈನ್ ಕೊಡ್ಬೇಕು, ಸೀರೆ ಬಂದಾಗ ತಪ್ಪಿದ್ರೆ ನೇಯ್ದೋರ ಜೊತೆ ಮಾತಾಡಾದು, ಬ್ಯಾರೆ ಊರಿನ ಅಂಗಡಿಯೋರಿಗೆ ಹೇಳಿದ ದಿನಕ್ಕೆ ಮಾಲು ಮುಟ್ಸಾದು. ಇಬ್ರನ್ನ ನನ್ನ ಕೈಕೆಳಗೆ ಕೊಟ್ರು. ಅವರಿಗೆ ಕೆಲಸ ಕಲ್ಸಿದೆ.”

“ಆ ಜಾಗಕ್ಕೆ ಬ್ಯಾರೆ ಯಾರಾದ್ರೂ ಇದ್ರಾ?”

ಅವನು ಸ್ವಲ್ಪ ಸಂಕೋಚಪಟ್ಟ. “ಯಜಮಾನ್ರ ತಂಗಿ ಮಗ ಇದ್ದ.”

“ಅವನ್ನ ಬಿಟ್ಟು ನಿಮಗೆ ಕೊಟ್ರಾ?”

“ಹೂಂ.”

ಫರ್ಜಾನಾ ಜಯದೇವಪ್ಪನವರ ಕಡೆ ನೋಡಲಿಲ್ಲ. ಅವರು ಕೇಳಿಸಿಕೊಂಡರೆಂದು ಮಾತ್ರ ಗೊತ್ತಾಯಿತು. “ಸಹಾಯಕ ಮ್ಯಾನೇಜರ್ ಆದ ಮೇಲೆ ಏನು ಬದಲಾಯ್ತು?”

ಅವನು ಕರವಸ್ತ್ರದಿಂದ ಕತ್ತು ಒರೆಸಿಕೊಂಡ.

“ಏನೂ ಇಲ್ಲ ಮೇಡಂ. ಅದೇ ಕೆಲಸ. ಆ ವರ್ಷ ಸೀರೆ ಹೋಗ್ಲಿಲ್ಲ, ಸಂಬಳ ಏರಿಸಾಕೆ ಆಗ್ಲಿಲ್ಲ. ಹೆಸರು ಏರ್ಸಿದ್ರು.”

ಸುಳ್ಳು ಹೇಳಬಹುದಿತ್ತು. ಮೂರನೆಯ ಬಡ್ತಿಯನ್ನು ಅವಳು ತನ್ನ ಟಿಪ್ಪಣಿಯಲ್ಲಿ ಹೊಡೆದುಹಾಕಿದಳು, ಎರಡು ಉಳಿದವು. ಆ ಎರಡು ಗಟ್ಟಿಯಾಗಿದ್ದವು.

“ಮತ್ತೆ ಯಾಕಪ್ಪ ಬಿಡ್ತೀಯಾ?” ಎಂದರು ಜಯದೇವಪ್ಪನವರು.

“ಅಲ್ಲಿ ಇನ್ನು ಮೇಲಕ್ಕೆ ಮೆಟ್ಲಿಲ್ಲ ಸರ್. ನನ್ನ ಮೇಲೆ ಯಜಮಾನ್ರು ಒಬ್ರೇ.”

ಹೊರಡುವಾಗ ಅವನು ಬಾಗಿಲಲ್ಲಿ ನಿಂತು ಫರ್ಜಾನಾಳಿಗೆ ಮೆಲ್ಲಗೆ ಹೇಳಿದ: “ಮೇಡಂ, ನಮ್ಮ ಯಜಮಾನ್ರಿಗೆ ಇದು ಗೊತ್ತಿಲ್ಲ. ಇಲ್ಲಿ ಆಯ್ತು ಅಂದ್ರೆ ನಾನೇ ಹೋಗಿ ಹೇಳ್ತೀನಿ. ಅಲ್ಲಿ ತಂಕ...”

“ನಾವು ಯಾರನ್ನೂ ಕೇಳಲ್ಲ. ನಿಮ್ಮನ್ನ ಕೇಳ್ದೇ ಒಂದು ಫೋನೂ ಮಾಡಲ್ಲ,” ಎಂದಳು. ಆ ಮಾತನ್ನು ಅಂದೇ ಜಯದೇವಪ್ಪನವರಿಗೂ ಹೇಳಿದಳು. ಅವರು ಶೇಂಗಾ ರೇಟು ಕೇಳಲು ಫೋನ್ ತಿರುಗಿಸುತ್ತ ಆಗಲಿ ಎಂಬಂತೆ ತಲೆಯಾಡಿಸಿದರು.

ಅದಾದ ಮುಂದಿನ ವಾರ ತಳಕಿನಲ್ಲಿ ಒಂದು ಮದುವೆ. ವ್ಯಾಪಾರದವರೆಲ್ಲ ಸೇರಿದ್ದರು. ಊಟದ ಪಂಕ್ತಿಯಲ್ಲಿ ಜಯದೇವಪ್ಪನವರ ಪಕ್ಕದ ಎಲೆಗೆ ಬಂದು ಕೂತವರು ಪೆದ್ದಣ್ಣ. ಇಬ್ಬರಿಗೂ ಹಳೆಯ ಪರಿಚಯ. ಹೋಳಿಗೆ ಬಡಿಸುವ ಹೊತ್ತಿಗೆ ಜಯದೇವಪ್ಪನವರು ಸಹಜವಾಗಿಯೇ, ಒಬ್ಬ ಸಾಹುಕಾರ ಇನ್ನೊಬ್ಬನನ್ನು ಕೇಳುವಂತೆ ಕೇಳಿದರು: “ನಿಮ್ಮ ಹುಡುಗ ಕೃಷ್ಣಕುಮಾರ್ ಹೆಂಗೆ? ನಮ್ಮ ರಾಂಪುರಕ್ಕೆ ಅರ್ಜಿ ಹಾಕ್ಯಾನೆ.”

ಪೆದ್ದಣ್ಣ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿ, “ಬಂಗಾರದಂಥ ಹುಡುಗ,” ಎಂದರು. ಮತ್ತೆ ಆ ಊಟದಲ್ಲಿ ಮಾತಾಡಲಿಲ್ಲ.

ಇದೆಲ್ಲ ಫರ್ಜಾನಾಳಿಗೆ ತಿಳಿದದ್ದು ಕೃಷ್ಣಕುಮಾರ್ ಮಿಲ್ಲಿನ ಗೇಟಿಗೆ ಬಂದು ನಿಂತಾಗ. ಅವನು ಒಳಗೆ ಬರಲು ಒಪ್ಪಲಿಲ್ಲ. ಶೇಂಗಾ ಚೀಲ ಇಳಿಸುವ ಲಾರಿಗಳ ಮಗ್ಗುಲಲ್ಲಿ, ಹಿಂಡಿಯ ವಾಸನೆಯ ನಡುವೆ ನಿಂತೇ ಮಾತಾಡಿದ.

“ಮೊನ್ನೆ ಬೆಳಿಗ್ಗೆ ಅಂಗಡಿ ಬಾಗ್ಲು ತೆಗೀತಿದ್ದೆ. ಯಜಮಾನ್ರು ಬಂದು ಬೀಗದ ಕೈ ಈಸ್ಕಂಡ್ರು. ‘ನಾನು ಕೊಟ್ಟ ಹೆಸರನ್ನ ಚಳ್ಳಕೆರೆಗೆ ಹೊತ್ಕಂಡೋಗಿ ಮಾರಾಕ್ಕೆ ಇಟ್ಯೇನೋ’ ಅಂದ್ರು. ಬ್ಯಾರೇನೂ ಅನ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.”

“ಅವರಿಗೆ ಹೆಂಗ್ ಗೊತ್ತಾಯ್ತು?”

“ನಿಮ್ಮ ಸಾವ್ಕಾರ್ರೇ ಮದ್ವೆನಾಗೆ ಕೇಳಿದ್ರಂತೆ.” ಅವನು ಅವಳ ಮುಖ ನೋಡದೆ ಹೇಳಿದ. “ನೀವು ಕೇಳಲ್ಲ ಅಂದಿದ್ರಿ.”

ಜಯದೇವಪ್ಪನವರಿಗೆ ಅವಳು ಅಂದೇ ಹೇಳಿದ್ದಳು, ಅವರು ತಲೆಯಾಡಿಸಿದ್ದರು ಎಂಬುದು ನಿಜವೇ. ಆದರೆ ಬೀಗದ ಕೈ ಕಳೆದುಕೊಂಡವನ ಮುಂದೆ ಆ ನಿಜವನ್ನು ಇಡುವುದು ಹೇಗೆ?

“ಅವ್ವನ ಮಗ್ಗಕ್ಕೂ ನೂಲು ಕೊಟ್ಟಿಲ್ಲ,” ಎಂದ ಅವನು. “ನಮ್ಮವ್ವ ಚಿತ್ತಮ್ಮ ಅಂತ. ಮದ್ವೆಯಾಗಿ ಬಂದಾಗಿಂದ ಅವರ ನೂಲೇ ನೇಯ್ತಿರೋದು. ಮಗ್ಗ ಖಾಲಿ ನಿಂತೈತೆ. ನನ್ನ ಮೇಲಿನ ಸಿಟ್ಟು ಅವಳ ಮೇಲ್ಯಾಕೆ ಅಂತ ಕೇಳಾಕೆ ನನಗೆ ಬಾಯಿ ಬರ್ಲಿಲ್ಲ.”

ಫರ್ಜಾನಾ ನೇರ ಜಯದೇವಪ್ಪನವರ ಕೋಣೆಗೆ ಹೋದಳು. ಬಾಗಿಲು ತಟ್ಟುವುದನ್ನೂ ಮರೆತಿದ್ದಳು. ನಡೆದದ್ದನ್ನು ಕೇಳಿ ಅವರು ನಿಜಕ್ಕೂ ಕಳವಳಗೊಂಡರು. ಎದ್ದು ಕಿಟಕಿಯ ಹತ್ತಿರ ಹೋಗಿ ಲಾರಿಗಳ ಕಡೆ ನೋಡಿದರು.

“ನಾನು ಕೆಟ್ಟದ್ದಕ್ಕೆ ಕೇಳಿದ್ದಲ್ಲಮ್ಮ. ಒಂದು ಮಾತು ತಿಳ್ಕಳಣ ಅಂತ.”

“ತಿಳ್ಕಳಾಕೆ ಬ್ಯಾರೆ ದಾರಿ ಇತ್ತು ಸರ್. ಅವರ ನೇಮಕದ ಪತ್ರಗಳನ್ನ ಕೇಳಬಹುದಾಗಿತ್ತು. ಆ ಕಂಪನಿ ಬಿಟ್ಟು ಹೋದ ಯಾರನ್ನಾದ್ರೂ ಕೇಳಬಹುದಾಗಿತ್ತು, ಅದೂ ಕೃಷ್ಣಕುಮಾರ್ ಒಪ್ಪಿದ ಮೇಲೆ. ಈಗ ಕೆಲಸದಾಗೆ ಇಟ್ಕಂಡಿರೋ ಯಜಮಾನ್ರನ್ನೇ ಕೇಳಿದ್ರೆ, ಆಯ್ಕೆ ಆಗೋಕೆ ಮುಂಚೆ ಇರೋದನ್ನ ಕಿತ್ತಂಗೆ.”

ಜಯದೇವಪ್ಪನವರು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು: “ಇನ್ನೊಂದು ಮಾತೂ ಐತೆ. ಮದ್ವೆಯಾದ ಮಾರನೇ ದಿನ ಪೆದ್ದಣ್ಣ ಫೋನ್ ಮಾಡಿದ್ರು. ‘ತಗಳ್ರಿ, ನಿಮಗೇ ಇರ್ಲಿ. ಹನ್ನೆರಡು ವರ್ಷದಾಗೆ ಒಂದಿನ ಅವನು ಬಾಯಿಬಿಟ್ಟು ಏನೂ ಕೇಳ್ಲಿಲ್ಲ, ಅದಕ್ಕೇ ನಾನು ಎಲ್ಲಾ ಕೊಟ್ಟೆ’ ಅಂದ್ರು. ಕೇಳಿಸ್ಕಂಡ್ಯಾ? ಏನೂ ಕೇಳ್ದೇ ಇರೋನಿಗೆ ಕೊಟ್ಟ ಬಡ್ತಿ ಅದು. ವಿಧೇಯತೆಗೆ ಕೊಟ್ಟದ್ದು. ರಾಂಪುರದಾಗೆ ಬರೀ ಗೋಡೆ, ಮೆಷಿನ್ನು. ಅಲ್ಲಿ ಕೇಳೋನು ಬೇಕು, ಜಗಳ ಆಡೋನು ಬೇಕು. ಹೇಳಿದ್ದು ಮಾಡ್ಕಂಡು ಮೇಲೆ ಬಂದೋನು ಬೆಳೆದೋನು ಅಂತ ಹೆಂಗ್ ಹೇಳ್ತೀಯಾ?”

ಆ ಪ್ರಶ್ನೆಯನ್ನು ಅವಳು ಮನೆಗೆ ನಡೆದು ಹೋಗುವಾಗ ತನ್ನನ್ನೇ ಕೇಳಿಕೊಂಡಳು. ನಾನು ಎಂದಾದರೂ ಏನಾದರೂ ಕೇಳಿದ್ದೇನೆಯೇ? ಹಾಜರಿ ಪುಸ್ತಕ ಮೇಜಿಗೆ ಬಂತು, ನೋಡಿಕೊಂಡೆ. ಫಲಕ ಬಂತು, ನೇತುಹಾಕಿಸಿಕೊಂಡೆ. ಅದು ಬೆಳೆದದ್ದೋ, ಎದುರಾಡದೆ ಇದ್ದದ್ದಕ್ಕೆ ಸಿಕ್ಕಿದ್ದೋ?

ಅವಳ ತಾಯಿ ಗುಲ್ಷನ್ ಬೀ ಅಂಗಳದಲ್ಲಿ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡು, “ಬೇಟಾ, ನೀನು ಇಲ್ಲಿ ಕೂತು ಅವನ ಯಜಮಾನನ ಮನಸ್ಸು ಓದಿದ್ರೆ ಹೆಂಗೆ?” ಎಂದರು. “ಹೋಗಿ ಆ ಯಜಮಾನನ್ನೇ ಕೇಳು. ಆ ಮನೆಗೆ ನಿಮ್ಮ ಕಡೆಯಿಂದ ಒಂದು ಮಾಫಿ ಬಾಕಿ ಐತೆ, ಅದನ್ನೂ ಕೇಳ್ಬಿಟ್ಟು ಬಾ.”

ಹೋಗುವ ಮೊದಲು ಅವಳು ಕೃಷ್ಣಕುಮಾರನಿಗೆ ಅವನ ಮನೆ ಪಕ್ಕದ ಅಂಗಡಿಯ ಫೋನಿನ ಮೂಲಕ ಹೇಳಿ ಕಳಿಸಿ, ಅವನೊಡನೆ ಮಾತಾಡಿ ಒಪ್ಪಿಗೆ ಕೇಳಿದಳು. “ಇನ್ನು ಮುಚ್ಚಿಡೋದು ಏನೈತೆ ಮೇಡಂ, ಹೋಗಿ,” ಎಂದ.

ಮೊಳಕಾಲ್ಮೂರಿನ ಬಸ್ಸಿಳಿದಾಗ ಬಂಡೆಗುಡ್ಡಗಳ ಝಳ ಬೀದಿಗೂ ಇಳಿದಿತ್ತು. ಪೆದ್ದಣ್ಣನವರ ಬೀದಿಯ ಉದ್ದಕ್ಕೂ ಮಗ್ಗಗಳ ಸದ್ದು. ಅವರು ನಡುಮನೆಯಲ್ಲಿ ಹಾಸಿದ ಬಿಳಿ ಬಟ್ಟೆಯ ಮೇಲೆ ಸೀರೆಯೊಂದರ ಸೆರಗು ಬಿಚ್ಚಿ ನೋಡುತ್ತಿದ್ದರು. ಯಾರೆಂದು ತಿಳಿದ ಮೇಲೆ ಕೂರಲು ಹೇಳಿದರು, ನೀರು ತರಿಸಿದರು. ಸೀರೆ ಮಡಚಲಿಲ್ಲ.

“ತಪ್ಪು ನಮ್ಮದು,” ಎಂದಳು ಫರ್ಜಾನಾ. “ಅವರು ನಿಮಗೆ ತಾವೇ ಹೇಳ್ಬೇಕು ಅಂತಿದ್ರು. ನಮ್ಮ ಕಡೆಯಿಂದ ಮುಂಚೆನೇ ಬಾಯಿಬಿಟ್ಟದ್ದು ತಪ್ಪು.”

“ತಪ್ಪು ಕಾದಮ್ಮಾ, ತಪ್ಪಲ್ಲ,” ಎಂದರು ಪೆದ್ದಣ್ಣ, ತೆಲುಗು ಬೆರೆಸಿ. “ನನ್ನ ತಂಗಿ ಮಗನ್ನ ಬಿಟ್ಟು ಇವನಿಗೆ ಕೊಟ್ಟೆ. ತಂಗಿ ಇವತ್ತಿಗೂ ನನ್ನ ಮನೆ ಮೆಟ್ಲು ಹತ್ತಲ್ಲ. ಈಗ ನೋಡಿದ್ರೆ ಆ ಕೊಟ್ಟದ್ದನ್ನೇ ಕಾಗದದ ಮೇಲೆ ಬರ್ಕಂಡು ಬ್ಯಾರೆ ಬಾಗ್ಲಿಗೆ ಹೋಗ್ಯಾನೆ. ನನ್ನ ಹೊಟ್ಟೆ ಉರಿಯಲ್ವಾ?”

ಅವಳು ಕೇಳಿದಳು: “ಅವರು ಏನೂ ಕೇಳ್ದೇ ಇದ್ದಿದ್ದಕ್ಕೆ ಕೊಟ್ಟೆ ಅಂದ್ರಂತೆ ನೀವು. ಬರೀ ಅದಕ್ಕೇನಾ?”

ಪೆದ್ದಣ್ಣ ಸೆರಗಿನ ಅಂಚಿನ ಮೇಲೆ ಬೆರಳಾಡಿಸಿದರು. “ಸಿಟ್ಟಿನಾಗೆ ಅಂದೆ. ಕೇಳ್ಲಿಲ್ಲ, ಅದು ನಿಜ. ಆದ್ರೆ ನೋಡಮ್ಮ, ಒಂದ್ಸಲ ತೊಳೆದ್ರೆ ಕೆಂಪು ಬಣ್ಣ ಬಿಡ್ತೈತೆ ಅಂತ ಸೀರೆ ಎಲ್ಲಾ ವಾಪಸ್ ಬಂದ್ವು. ನಾನು ನೇಕಾರ್ರ ಮೇಲೆ ಕೂಗಾಡ್ತಿದ್ದೆ. ಇವನು ಆಗಿನ್ನೂ ಸ್ಟಾಕಿನಾಗಿದ್ದ. ಯಾರಿಗೂ ಹೇಳ್ದೇ ಮನೆಮನೆಗೆ ಹೋಗಿ ಯಾವ ನೂಲು ಯಾವತ್ತು ಬಂದದ್ದು ಅಂತ ಕೇಳ್ಕಂಡು ಬಂದು, ತಪ್ಪು ನೇಯ್ಗೆದಲ್ಲ, ಬಣ್ಣ ಹಾಕಿದೋನದು ಅಂತ ನನ್ನ ಮುಂದೆ ಇಟ್ಟ. ನಾನು ಬೈದೆ, ನಿನ್ನ ಕೆಲಸ ನೀನು ನೋಡು ಅಂತ. ಮಾರನೇ ದಿನಾನೂ ಅದನ್ನೇ ಹೇಳ್ದ. ಅಲ್ಲಿಂದ ನೇಕಾರ್ರು ಏನಿದ್ರೂ ಇವನ ಹತ್ರಾನೇ ಬರಾಕ್ಕೆ ಹತ್ತಿದ್ರು. ಸೂಪರ್‌ವೈಸರ್ ಕೆಲಸ ಅವನು ಆಗ್ಲೇ ಮಾಡ್ತಿದ್ದ. ನಾನು ವರ್ಷ ಆದ್ಮೇಲೆ ಹೆಸರಿಟ್ಟೆ, ಅಷ್ಟೇ.”

ಫರ್ಜಾನಾಳಿಗೆ ಸ್ವಲ್ಪ ಸಮಾಧಾನವಾಯಿತು. ತನಗೆ ಬೇಕಾದ ಮಾತು ಸಿಕ್ಕಿತೆಂದಲ್ಲ. ಅದು ಮೆತ್ತಗಾಗಿಸದೆ ಬಂದ ಮಾತಾಗಿತ್ತು, ಹೊಟ್ಟೆ ಉರಿದುಕೊಂಡವರ ಬಾಯಿಂದ ಬಂದದ್ದು.

“ಮತ್ತೆ ವಾಪಸ್ ಕರ್ಕಳ್ರಿ ಯಜಮಾನ್ರೇ.”

“ಅದಾಗಲ್ಲ. ಬೀಗದ ಕೈ ಈಸ್ಕಂಡ ಮೇಲೆ ಮತ್ತೆ ಕೊಟ್ರೆ ಅವನಿಗೂ ಕೈ ನಡುಗುತ್ತೆ, ನನಗೂ ನಡುಗುತ್ತೆ.”

“ಚಿತ್ತಮ್ಮನವರ ಮಗ್ಗ?”

ಪೆದ್ದಣ್ಣ ಥಟ್ಟನೆ ತಲೆಯೆತ್ತಿದರು. ಆ ಮಾತು ಅವರಿಗೆ ನಾಚಿಕೆ ತಂದಿತ್ತು. “ನೂಲು ಕಳಿಸ್ತೀನಿ ಅಂತ ಹೇಳು,” ಎಂದು ಮತ್ತೆ ಸೀರೆಯತ್ತ ಬಗ್ಗಿದರು.

ಚಳ್ಳಕೆರೆಗೆ ಹಿಂತಿರುಗಿ ಅವಳು ಎಲ್ಲವನ್ನೂ ಜಯದೇವಪ್ಪನವರಿಗೆ ಹೇಳಿದಳು. ಬಣ್ಣದ ಕತೆಯನ್ನು ಅವರು ಎರಡು ಸಲ ಕೇಳಿದರು. ಆದರೂ ಅಳುಕು ಬಿಡಲಿಲ್ಲ. ಕೊನೆಗೆ ಒಂದು ದಾರಿ ಕಂಡುಕೊಂಡವರಂತೆ ಹೇಳಿದರು: “ಅಫ್ಸರ್ ಮ್ಯಾನೇಜರ್ ಆಗ್ಲಿ. ಇವನು ಅವನ ಕೈಕೆಳಗೆ ಸಹಾಯಕ. ಒಳಗಿಂದ ಬೆಳೆಯಾದು ಇವನಿಗೆ ಗೊತ್ತೈತಲ್ಲ, ನಮ್ಮಲ್ಲೂ ಹಂಗೇ ಬೆಳೀಲಿ. ಕೆಲಸಾನೂ ಇಲ್ಲ ಈಗ ಅವನಿಗೆ, ಒಪ್ಕಂತಾನೆ.”

“ಕೆಲಸ ಇಲ್ದಂಗೆ ಮಾಡಿದ್ದು ನಾವು ಸರ್.”

“ಅದಕ್ಕೇ ತಾನೇ ಕೊಡ್ತಿರಾದು.”

“ಇದು ಕೊಟ್ಟಂಗೆ ಅಲ್ಲ ಸರ್. ಅವರು ಬೆಳೆದು ಬಂದದ್ದನ್ನ ಅರ್ಹತೆ ಅಂತ ಒಪ್ಕಂಡು ಕರ್ಸಿದ್ವಿ. ಈಗ ಅದನ್ನೇ ತೋರ್ಸಿ ಮತ್ತೆ ಕೆಳಗಿಂದ ಹತ್ತು ಅಂತ ಹೇಳ್ತಿದೀವಿ. ನಾನು ಈ ನೇಮಕದ ಪತ್ರ ಬರೆಯಲ್ಲ.”

ತನ್ನ ಬಾಯಿಂದ ಆ ಮಾತು ಬಂದದ್ದು ಅವಳಿಗೇ ಆಶ್ಚರ್ಯ. ಜಯದೇವಪ್ಪನವರ ಮುಖ ಕೆಂಪಾಯಿತು. “ಬರೆಯಾಕೆ ಬ್ಯಾರೆಯೋರು ಅದಾರೆ,” ಎಂದರು. “ಅವನನ್ನ ಕರ್ಸು. ನಾನೇ ಮಾತಾಡ್ತೀನಿ.”

ಕೃಷ್ಣಕುಮಾರ್ ಬಂದ. ಈ ಸಲ ಅಂಗಿಗೆ ಇಸ್ತ್ರಿ ಇರಲಿಲ್ಲ. ಜಯದೇವಪ್ಪನವರು ಮೊದಲು ಮದುವೆಯ ಮಾತಿಗೆ ವಿಷಾದ ಹೇಳಿದರು, ಅದು ಮನಸ್ಸಿನಿಂದಲೇ ಬಂದಿತ್ತು. ಆಮೇಲೆ ಸಹಾಯಕನ ಹುದ್ದೆಯ ಮಾತೆತ್ತಿದರು.

ಕೃಷ್ಣಕುಮಾರ್ ಮೇಜಿನ ಅಂಚನ್ನು ನೋಡುತ್ತ ಕೇಳಿಸಿಕೊಂಡ. ಅವನು ಒಪ್ಪಿಬಿಡುತ್ತಾನೆ ಎಂದು ಫರ್ಜಾನಾಳಿಗೆ ಅನಿಸಿತು. ಒಪ್ಪಿದರೆ ತಪ್ಪೆನ್ನಲು ಅವಳಿಗೆ ಹಕ್ಕಿರಲಿಲ್ಲ.

“ಸರ್, ಒಂದು ಮಾತು ಕೇಳ್ತೀನಿ,” ಎಂದ ಅವನು. “ನಾನು ಹೇಳಿದ್ರಾಗೆ ಏನಾದ್ರೂ ಸುಳ್ಳು ಸಿಕ್ತಾ?”

“ಇಲ್ಲಪ್ಪ.”

“ಹಂಗಾದ್ರೆ ಹುದ್ದೆ ಅಫ್ಸರ್ ಅವರಿಗೆ ಕೊಡ್ಬೇಕು ಅನ್ನಿಸಿದ್ರೆ ಅವರಿಗೇ ಕೊಡಿ. ನಾನು ಬೇಜಾರು ಮಾಡ್ಕಣಲ್ಲ, ಬ್ಯಾರೆ ಕಡೆ ನೋಡ್ಕಂತೀನಿ. ನನಗೆ ಕೊಡಂಗಿದ್ರೆ ಪೂರ್ತಿದು ಕೊಡಿ. ಕೆಲಸ ಇಲ್ದೋನು ಅಂತ ಅರ್ಧ ಕೊಡಬ್ಯಾಡ್ರಿ. ಹೆಸರಿಗೊಂದು ಹುದ್ದೆ ನನಗೆ ಆಗ್ಲೇ ಒಂದ್ಸಲ ಆಗೈತೆ.”

ಎದ್ದು ಕೈಮುಗಿದು ಹೊರಟುಹೋದ. ಜಯದೇವಪ್ಪನವರು ಬಹಳ ಹೊತ್ತು ಅದೇ ಕುರ್ಚಿಯಲ್ಲಿ ಕೂತಿದ್ದರು. ಸಂಜೆ ಮಿಲ್ಲಿನ ಸೈರನ್ ಆದಮೇಲೆ ಅವಳ ಕೋಣೆಯ ಬಾಗಿಲಿಗೆ ಬಂದು, “ಮ್ಯಾನೇಜರ್ ಅಂತಲೇ ಬರಿ. ಆರು ತಿಂಗಳು ನೋಡಣ,” ಎಂದು ನಿಲ್ಲದೆ ಹೋದರು. ಅಫ್ಸರ್‌ಗೆ ಅವಳೇ ಫೋನ್ ಮಾಡಿ ತಿಳಿಸಿದಳು. ಅವನು “ನನ್ನಲ್ಲಿ ಏನು ಕಮ್ಮಿ ಇತ್ತು ಮೇಡಂ?” ಎಂದು ಕೇಳಿದ. ತನಗೆ ತಿಳಿದಷ್ಟನ್ನು ಸುತ್ತಿಬಳಸದೆ ಹೇಳಿದಳು. ಅವನಿಗೆ ಅದು ಸಮಾಧಾನ ತಂದಂತೆ ಕಾಣಲಿಲ್ಲ.

ರಾಂಪುರದ ಘಟಕ ನಡೆಯಿತು. ಆರು ತಿಂಗಳು ಮುಗಿಯುವುದರೊಳಗೆ ಕೃಷ್ಣಕುಮಾರನ ಕೆಲಸ ಕಾಯಂ ಆಯಿತು. ಅವನು ಜಯದೇವಪ್ಪನವರ ಜೊತೆ ಟಿನ್ನಿನ ಗುಣಮಟ್ಟದ ಬಗ್ಗೆ, ಲಾರಿಯ ಹೊತ್ತಿನ ಬಗ್ಗೆ ಜಗಳವಾಡುತ್ತಿದ್ದ. ಅವರು ಬೈದುಕೊಳ್ಳುತ್ತಲೇ ಕೇಳುತ್ತಿದ್ದರು. ಅಂದಿನಿಂದ ಮಿಲ್ಲಿನಲ್ಲಿ ಯಾರ ಅರ್ಜಿ ಬಂದರೂ, ಅವರು ಈಗ ಇರುವ ಕಡೆ ವಿಚಾರಿಸುವ ಮೊದಲು ಅವರನ್ನೇ ಕೇಳಬೇಕು ಎಂದಾಯಿತು. ಆ ನಿಯಮವನ್ನು ಫರ್ಜಾನಾ ಬರೆದು ಜಯದೇವಪ್ಪನವರ ಸಹಿ ಹಾಕಿಸಿದಳು.

ಪೆದ್ದಣ್ಣ ನೂಲು ಕಳಿಸಿದರು. ಆದರೆ ಚಿತ್ತಮ್ಮನ ಮಗ್ಗಕ್ಕೆ ಮೊದಲಿನಂಥ ದೊಡ್ಡ ಸೆರಗಿನ ಸೀರೆ ಮತ್ತೆ ಬರಲಿಲ್ಲ, ಸಾದಾ ಅಂಚಿನವೇ ಬಂದವು. ಅವಕ್ಕೆ ಕೂಲಿ ಕಡಿಮೆ.

ಮುಂದಿನ ಚಳಿಗಾಲದಲ್ಲಿ ಫರ್ಜಾನಾ ಸಿಬ್ಬಂದಿಯ ಕಾಗದಪತ್ರ ನೋಡಲು ರಾಂಪುರಕ್ಕೆ ಹೋದಳು. ಕೃಷ್ಣಕುಮಾರ್ ಎದ್ದು ನಿಂತು ಬರಮಾಡಿಕೊಂಡ. ಎಲ್ಲವನ್ನೂ ಅಚ್ಚುಕಟ್ಟಾಗಿ ತೋರಿಸಿದ, ಹೊಸದಾಗಿ ಸೇರಿದವರ ಕೆಲಸದ ಬಗ್ಗೆ ವಿವರಿಸಿದ. ಟೀ ತರಿಸಿದ. ಕೆಲಸ ಮುಗಿದ ಮೇಲೆ ಅವಳು, “ಅವ್ವ ಹೆಂಗಿದಾರೆ?” ಎಂದು ಕೇಳಿದಳು.

“ಚೆನ್ನಾಗಿದಾರೆ ಮೇಡಂ.”

“ಪೆದ್ದಣ್ಣನವರು ಸಿಕ್ಕಿದ್ರಾ?”

ಅವಳು ಸಹಿ ಹಾಕಬೇಕಿದ್ದ ಹಾಳೆಗಳನ್ನು ಅವನು ಜೋಡಿಸಿ ಮುಂದೆ ಸರಿಸಿದ. “ಆಫೀಸಿಂದು ಇನ್ನೇನಾದ್ರೂ ಕೇಳಾದೈತಾ ಮೇಡಂ? ಲಾರಿ ಬರೋ ಹೊತ್ತಾಯ್ತು.”

ಇಲ್ಲ ಎಂದು ಅವಳು ಸಹಿ ಹಾಕಿದಳು. ಅವನು ಜೀಪಿನ ತನಕ ಬಂದು ಕೈಮುಗಿದು ನಿಂತ, ನೋಟವನ್ನು ಮಾತ್ರ ರಸ್ತೆಯ ಮೇಲಿಟ್ಟಿದ್ದ.